ತೂಕ ಮುಗಿಯುವ ಮುನ್ನ ಬಂದ ಅಂಕಿ

ಬ್ಯಾಡಗಿಯ ಮೆಣಸಿನಕಾಯಿ ಖರೀದಿಯ ಲೆಕ್ಕ ಹುಬ್ಬಳ್ಳಿ ಆಫೀಸಿನಲ್ಲೂ ಕಾಣಲಿ ಅಂತ ಪವರ್ ಬಿಐನಲ್ಲಿ ಡ್ಯಾಶ್‌ಬೋರ್ಡ್ ಮಾಡಿದ್ದೆ. ಡೇಟಾಬೇಸ್ ಒಂದೇ. ಅಂಗಡಿಯ ಗುಮಾಸ್ತರು ಅದಕ್ಕೇ ತೂಕದ ಚೀಟಿ ಏರಿಸುತ್ತಾರೆ, ನಾನು ಅದರಿಂದಲೇ ಓದುತ್ತೇನೆ. ಸಾಹುಕಾರರು ಸಂಜೆ ನೋಡುತ್ತಾರೆಂದು ಆರು ಗಂಟೆಗೆ ರಿಫ್ರೆಶ್ ಶೆಡ್ಯೂಲ್ ಇಟ್ಟೆ.

ಟೆಂಡರ್ ದಿನ ದರ ಗೊತ್ತಾದ ಮೇಲೆ ತೂಕ ಶುರುವಾಗುತ್ತದೆ, ಮಾಲು ಹೆಚ್ಚಿದ್ದರೆ ರಾತ್ರಿಯವರೆಗೂ ನಡೆಯುತ್ತದೆ. ಅದನ್ನು ನಾನು ಲೆಕ್ಕಕ್ಕೇ ತಗೊಂಡಿರಲಿಲ್ಲ. ಒಂದು ಸೋಮವಾರ ಸಂಜೆ ಪರದೆಯಲ್ಲಿ 62 ಕ್ವಿಂಟಲ್ ಕಂಡಿತು. ಬೇಕಿದ್ದದ್ದು 150. ಸಾಹುಕಾರರು ಕೋಲ್ಡ್ ಸ್ಟೋರೇಜಿನಲ್ಲಿದ್ದ ಬೇರೊಬ್ಬರ ಮಾಲು 90 ಕ್ವಿಂಟಲ್ ಫೋನಿನಲ್ಲೇ ಮಾತಾಡಿ ಮುಗಿಸಿದರು. ಬೆಳಿಗ್ಗೆ ನೋಡಿದರೆ ಟೆಂಡರಿನಲ್ಲೇ 148 ಕ್ವಿಂಟಲ್ ಬಂದಿತ್ತು.

"ನಿನ್ನ ಸ್ಕ್ರೀನ್ ನೋಡಿನ ತಗೊಂಡೆನಪಾ," ಅಂದರು. ಬೈಯಲಿಲ್ಲ. ಅದಕ್ಕೇ ಹೆಚ್ಚು ಸಂಕಟವಾಯಿತು. ರಿಫ್ರೆಶ್ ಫೇಲಾಗಿರಲಿಲ್ಲ, ಅಂಕಿಯೂ ತಪ್ಪಿರಲಿಲ್ಲ. ಆರು ಗಂಟೆಗೆ ತೂಗಿದ್ದೇ ಅಷ್ಟು.

ಶೆಡ್ಯೂಲ್ ತೆಗೆದುಹಾಕಿದೆ. ತೂಕ ಮುಗಿಯಿತೆಂದು ಗುಮಾಸ್ತರು ಫೋನ್ ಮಾಡಿದ ಮೇಲೆ ನಾನೇ ಡೇಟಾ ತಂದು ಪಬ್ಲಿಶ್ ಮಾಡತೊಡಗಿದೆ. ಎರಡು ವಾರ ಚೆನ್ನಾಗಿತ್ತು. ಆಮೇಲೆ ತಂಗಿಯ ಮದುವೆಗೆ ಗದಗಕ್ಕೆ ಹೋದೆ. ಮೂರು ದಿನ ಹಳೇ ಅಂಕಿಯೇ ನಿಂತಿತ್ತು. ಹಳೆಯದೆಂದು ಹೇಳುವ ಗುರುತು ಪರದೆಯ ಮೇಲೆ ಒಂದೂ ಇರಲಿಲ್ಲ.

ವಾಪಸ್ ಬಂದವನು ಬ್ಯಾಡಗಿಗೇ ಹೋಗಿ ಗುಮಾಸ್ತರ ಪಕ್ಕ ಕೂತೆ. ಹಮಾಲರು ಕೊನೆಯ ಚೀಲ ಇಳಿಸಿದರು. ಗುಮಾಸ್ತರು ಚೀಟಿಗಳ ಕಟ್ಟನ್ನು ಒಮ್ಮೆ ಎಣಿಸಿ, ರಬ್ಬರ್ ಬ್ಯಾಂಡ್ ಹಾಕಿ, "ಮುಗೀತ್ರಿ," ಅಂದರು. ಆ ಮಾತು ಡೇಟಾಬೇಸಿನಲ್ಲಿ ಎಲ್ಲೂ ಇರಲಿಲ್ಲ! ದಿನಕ್ಕೊಂದು ಸಾಲಿನ ಹೊಸ ಟೇಬಲ್ ಮಾಡಿ, ಮುಗಿದ ದಿನಕ್ಕೆ ಅವರೇ ಟಿಕ್ ಹಾಕುವಂತೆ ಮಾಡಿದೆ. ಡ್ಯಾಶ್‌ಬೋರ್ಡ್ ಈಗ ಓದುವುದು ಈ ವ್ಯೂ ಒಂದನ್ನೇ:

```sql
SELECT l.*
FROM lots l
JOIN day_close d ON d.lot_date = l.lot_date
WHERE d.closed = 1
```

ರಿಫ್ರೆಶ್ ಮತ್ತೆ ಶೆಡ್ಯೂಲಿಗೇ ಕೊಟ್ಟೆ, ರಾತ್ರಿ ಹತ್ತಕ್ಕೊಮ್ಮೆ, ಬೆಳಿಗ್ಗೆ ಏಳಕ್ಕೊಮ್ಮೆ. ಪ್ರೊ ಲೈಸೆನ್ಸಿನಲ್ಲಿ ದಿನಕ್ಕೆ ಎಂಟು ಸಲ ಇಡಬಹುದು, ನಮಗೆ ಎರಡು ಸಾಕು. ಗೇಟ್‌ವೇ ಇರುವ ಅಂಗಡಿಯ ಕಂಪ್ಯೂಟರ್ ಮಾತ್ರ ಆ ಹೊತ್ತಿಗೆ ಚಾಲೂ ಇರಬೇಕು. ಸತತ ನಾಲ್ಕು ಸಲ ಫೇಲಾದರೆ ಪವರ್ ಬಿಐ ಶೆಡ್ಯೂಲನ್ನೇ ನಿಲ್ಲಿಸಿಬಿಡುತ್ತದೆ, ಅಂದರೆ ನಮಗೆ ಎರಡೇ ದಿನ. ಹಾಗಾಗಿ ಫೇಲಾದಾಗ ಬರುವ ಮೇಲ್ ನನ್ನ ಜೊತೆ ಗುಮಾಸ್ತರಿಗೂ ಹೋಗುತ್ತದೆ.

ಪರದೆಯ ಮೇಲ್ತುದಿಯಲ್ಲಿ ಈಗ ದೊಡ್ಡ ಅಕ್ಷರದಲ್ಲಿ "ತೂಕ ಮುಗಿದ ಕೊನೆಯ ದಿನ" ಅಂತ ತಾರೀಖು ಇದೆ. ರಿಫ್ರೆಶ್ ಆದ ಸಮಯವನ್ನು ಬೇಕೆಂದೇ ಅಲ್ಲಿ ಇಟ್ಟಿಲ್ಲ. ಟೆಂಡರಿನ ತಾರೀಖು ಅಲ್ಲಿ ಕಾಣದಿದ್ದರೆ ಸಾಹುಕಾರರು ಮೊದಲು ಗುಮಾಸ್ತರಿಗೆ ಫೋನ್ ಹಚ್ಚುತ್ತಾರೆ: "ಇನ್ನಾ ಎಷ್ಟು ಚೀಲ ಅದಾವ?"