ಸೋಹೋದ ಪಂಪಿನಿಂದ ಥೇಮ್ಸ್ ದಂಡೆಗೆ

ಲಂಡನ್ನಿನ ಸೋಹೋಗೆ ಜನ ಊಟಕ್ಕೆ, ನಾಟಕಕ್ಕೆ ಅಂತ ಹೋಗುತ್ತಾರೆ. ನಾನು ಹೋಗಿದ್ದು ಬ್ರಾಡ್‌ವಿಕ್ ಸ್ಟ್ರೀಟಿನ ನೀರಿನ ಪಂಪ್ ನೋಡಲು. ಹಿಡಿಕೆ ಇಲ್ಲದ ಕಪ್ಪು ಪಂಪು, ಹಳೆಯದರ ನೆನಪಿಗೆ ನಿಲ್ಲಿಸಿದ್ದು. 1854ರಲ್ಲಿ ಈ ಬೀದಿಯ ಸುತ್ತ ಕಾಲರಾ ಬಂದು ಕೆಲವೇ ವಾರಗಳಲ್ಲಿ ಆರುನೂರಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಬಹುಪಾಲು ಜನ ಈ ಪಂಪಿನ ನೀರು ಕುಡಿದವರು ಎಂದು ಡಾಕ್ಟರ್ ಜಾನ್ ಸ್ನೋ ಮನೆಮನೆ ವಿಚಾರಿಸಿ ತೋರಿಸಿದರು. ಸೆಪ್ಟೆಂಬರ್ 8ರಂದು ಹಿಡಿಕೆ ತೆಗೆಸಿದರು. ಅಷ್ಟರಲ್ಲಿ ರೋಗ ಇಳಿಮುಖವಾಗಿತ್ತು, ನಿಜ. ಆದರೆ ನೀರು ಕೆಟ್ಟಿದ್ದು ಹೇಗೆ?

ಅದನ್ನು ಪತ್ತೆಹಚ್ಚಿದ್ದು ಅಲ್ಲಿನ ಪಾದ್ರಿ ಹೆನ್ರಿ ವೈಟ್‌ಹೆಡ್. ಪಂಪಿನ ಪಕ್ಕದಲ್ಲೇ, 40ನೇ ನಂಬರಿನ ಮನೆಯಲ್ಲಿ, ಒಂದು ಹಸುಗೂಸಿಗೆ ಭೇದಿ ಹತ್ತಿತ್ತು. ತಾಯಿ ಬಟ್ಟೆ ತೊಳೆದ ನೀರನ್ನು ಮನೆಯ ಮಲದ ಗುಂಡಿಗೆ ಸುರಿಯುತ್ತಿದ್ದಳು. ಅಗೆದು ನೋಡಿದರೆ ಗುಂಡಿಯ ಇಟ್ಟಿಗೆ ಸಡಿಲವಾಗಿತ್ತು. ಬಾವಿಗೂ ಅದಕ್ಕೂ ಮೂರಡಿ ಅಂತರವೂ ಇರಲಿಲ್ಲ!

ಫ್ಲಶ್ ಟಾಯ್ಲೆಟ್ ಬಂದಿದ್ದರಿಂದ ಇದು ಸರಿಹೋಯಿತು ಅಂದುಕೊಳ್ಳುತ್ತೇವೆ, ಅಲ್ವಾ? ನಡೆದದ್ದು ಉಲ್ಟಾ. 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಪೈಪನ್ನು ಬಗ್ಗಿಸಿ, ಅಲ್ಲಿ ಸ್ವಲ್ಪ ನೀರು ಯಾವಾಗಲೂ ನಿಲ್ಲುವಂತೆ ಮಾಡಿದ. ಕೆಳಗಿನ ವಾಸನೆ ಮೇಲೆ ಬರುವುದು ನಿಂತಿತು. ಆದರೆ ಪ್ರತಿ ಫ್ಲಶ್ಶಿಗೂ ನೀರು ಸೇರಿ ಗುಂಡಿಗಳು ಉಕ್ಕಿದವು. ಕೊನೆಗೆ ಅವನ್ನು ಮಳೆನೀರಿನ ಚರಂಡಿಗೆ ಜೋಡಿಸಿದರು. ಊರಿನ ಹೊಲಸೆಲ್ಲ ಥೇಮ್ಸ್ ಸೇರಿತು. ಕುಡಿಯುವ ನೀರಿನ ಕಂಪನಿಗಳಲ್ಲಿ ಹಲವು ಅದೇ ನದಿಯಿಂದ ನೀರೆತ್ತುತ್ತಿದ್ದವು.

1858ರ ಬೇಸಿಗೆಯಲ್ಲಿ ನದಿಯ ನಾತ ಪಾರ್ಲಿಮೆಂಟಿನೊಳಗೂ ನುಗ್ಗಿತು. ಆಗ ಹೊಸ ಒಳಚರಂಡಿ ಕಟ್ಟಲು ದುಡ್ಡು ಬಿಡುಗಡೆಯಾಯಿತು. ಸೋಹೋದಿಂದ ನಡೆದೇ ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟಿಗೆ ಬಂದೆ. ಇಂಜಿನಿಯರ್ ಜೋಸೆಫ್ ಬಜಾಲ್ಜೆಟ್ ನದಿಯ ಅಂಚನ್ನೇ ತುಂಬಿಸಿ ಕಟ್ಟಿದ ದಂಡೆ ಇದು. ಮೇಲೆ ರಸ್ತೆ, ತೋಟ. ಕೆಳಗೆ ಮೆಟ್ರೋ ರೈಲು ಮತ್ತು ದೊಡ್ಡ ಒಳಚರಂಡಿ. ನದಿಗೆ ಹರಿಯುತ್ತಿದ್ದ ಹಳೆಯ ಚರಂಡಿಗಳನ್ನು ಇಂಥ ಅಡ್ಡ ಚರಂಡಿಗಳು ತಡೆದು ಪೂರ್ವಕ್ಕೆ, ಊರಾಚೆಗೆ ಒಯ್ಯುತ್ತವೆ. ಇಳಿಜಾರು ಮೈಲಿಗೆ ಸುಮಾರು ಎರಡೇ ಅಡಿ. ಹಲವು ಚರಂಡಿಗಳು ಮೊಟ್ಟೆಯಾಕಾರದವು. ತಳ ಕಿರಿದಾಗಿರುವುದರಿಂದ ನೀರು ಕಡಿಮೆಯಿದ್ದರೂ ಜೋರಾಗಿ ಹರಿದು ಕೆಸರನ್ನು ತಳ್ಳಿಕೊಂಡು ಹೋಗುತ್ತದೆ. ತಗ್ಗಿನಿಂದ ಮೇಲೆತ್ತಲು ಕ್ರಾಸ್‌ನೆಸ್‌ನಂಥ ಕಡೆ ದೈತ್ಯ ಹಬೆ ಯಂತ್ರಗಳನ್ನು ಕೂರಿಸಿದರು.

ಇಷ್ಟೆಲ್ಲ ಕಟ್ಟಿದ್ದು ಕೆಟ್ಟ ಗಾಳಿಯೇ ರೋಗ ತರುತ್ತದೆ ಎಂಬ ತಪ್ಪು ನಂಬಿಕೆಯಿಂದ. ಆದರೂ ಫಲ ಸಿಕ್ಕಿತು. 1866ರಲ್ಲಿ ಕಾಲರಾ ಮತ್ತೆ ಬಂದಾಗ ಹೆಚ್ಚಾಗಿ ಬಡಿದದ್ದು ಈಸ್ಟ್ ಎಂಡನ್ನು. ಹೊಸ ಚರಂಡಿ ಕೆಲಸ ಇನ್ನೂ ಮುಗಿಯದಿದ್ದದ್ದು ಅಲ್ಲೇ. ಲಂಡನ್ನಿನಲ್ಲಿ ಅದೇ ಕೊನೆಯ ದೊಡ್ಡ ಕಾಲರಾ.

ಒಂದು ಕೊರತೆ ಮಾತ್ರ ಉಳಿಯಿತು. ಮಳೆನೀರು, ಮಲದ ನೀರು ಒಂದೇ ಚರಂಡಿಯಲ್ಲಿ ಹರಿಯುತ್ತವೆ. ಜಾಸ್ತಿ ಮಳೆಯಾದರೆ ಎರಡೂ ಸೇರಿ ನದಿಗೆ ಉಕ್ಕುತ್ತವೆ. ಅದನ್ನು ಹಿಡಿದಿಡಲೆಂದೇ ಈಗ ಥೇಮ್ಸ್ ಅಡಿಯಲ್ಲಿ 25 ಕಿಲೋಮೀಟರ್ ಉದ್ದದ ಹೊಸ ಸುರಂಗ ಕೊರೆದಿದ್ದಾರೆ.