ಉಡುಪಿ ಟೂರ್ನಿಯ ಪಾಯಿಂಟ್ಸ್ ಟೇಬಲ್: ಎರಡನೇ ಸ್ಥಾನ ಯಾರದು?

ಭಾನುವಾರ ರಾತ್ರಿ

ಮಲ್ಪೆ ಕಡೆ ನಡೆಯುತ್ತಿರುವ ಟೆನಿಸ್ ಬಾಲ್ ಟೂರ್ನಿಯ ಲೀಗ್ ಇವತ್ತು ಮುಗಿಯಿತು. ನಾಲ್ಕು ತಂಡ, 8 ಓವರ್‌ಗಳ ಆರು ಪಂದ್ಯ. ತಂಡಗಳನ್ನು ಜೆರ್ಸಿಯ ಬಣ್ಣದಿಂದಲೇ ಕರೆಯುತ್ತೇನೆ. ಕೆಂಪು ಮೂರೂ ಗೆದ್ದು ಫೈನಲ್‌ಗೆ ಹೋಗಿದೆ. ಹಳದಿ ನೀಲಿಯನ್ನು ಸೋಲಿಸಿತು, ನೀಲಿ ಹಸಿರನ್ನು, ಹಸಿರು ಹಳದಿಯನ್ನು. ಮೂವರಿಗೂ 2 ಪಾಯಿಂಟ್. ಹಾಗಾಗಿ ಎರಡನೇ ಸ್ಥಾನಕ್ಕೆ ನೆಟ್ ರನ್ ರೇಟ್ ನೋಡದೆ ಬೇರೆ ದಾರಿ ಇಲ್ಲ.

ಗ್ರೂಪ್‌ಗೆ ಬಂದ ಟೇಬಲ್‌ನಲ್ಲಿ ಹಳದಿ +0.347, ನೀಲಿ −0.232. ನನಗೆ ಅದು ಸರಿ ಕಾಣಲಿಲ್ಲ. ಹಳದಿ ತಂಡ ಒಂದು ಪಂದ್ಯದಲ್ಲಿ 45ಕ್ಕೆ ಆಲ್ ಔಟ್ ಆಗಿತ್ತು, ಕೆಂಪಿನ ಎದುರು 12 ರನ್‌ಗಳಿಂದ ಸೋತಿತ್ತು, ಗೆದ್ದ ಪಂದ್ಯದಲ್ಲೂ ಅಂತರ ಬರೀ 8 ರನ್. ಅದು ಪ್ಲಸ್ ಆಗೋದು ಹೇಗೆ?

ಸ್ಕೋರ್ ಬುಕ್‌ನ ಫೋಟೋ ತರಿಸಿಕೊಂಡೆ.

ಸೋಮವಾರ

ಮೊದಲು ಸುಲಭದ ಪರೀಕ್ಷೆ. ಒಬ್ಬರು ಹೊಡೆದ ರನ್ ಇನ್ನೊಬ್ಬರು ಕೊಟ್ಟ ರನ್ ತಾನೇ? ಹಾಗಾಗಿ ನಾಲ್ಕೂ ತಂಡಗಳು ಹೊಡೆದ ಮೊತ್ತ ಮತ್ತು ಕೊಟ್ಟ ಮೊತ್ತ ಒಂದೇ ಆಗಬೇಕು. ಎರಡೂ ಕಡೆ 665 ಬಂತು. ರನ್ ಬರೆದುಕೊಂಡದ್ದರಲ್ಲಿ ತಪ್ಪಿಲ್ಲ.

ಮತ್ತೆ ಓವರ್ ನೋಡಿದೆ. ಹಳದಿ ಆಡಿದ್ದು 8, 5.5, 8. ಶೀಟ್‌ನಲ್ಲಿ ಮೊತ್ತ 21.5 ಅಂತ ಇದೆ. ಇಲ್ಲೇ ಮೊದಲ ತಪ್ಪು ಸಿಕ್ಕಿತು. 5.5 ಅಂದರೆ ಐದೂವರೆ ಓವರ್ ಅಲ್ಲ, 5 ಓವರ್ 5 ಎಸೆತ, ಅಂದರೆ 35 ಎಸೆತ. ಶೀಟ್ ಅದನ್ನು 33 ಎಸೆತ ಅಂತ ಲೆಕ್ಕ ಹಾಕಿದೆ. ಎಲ್ಲವನ್ನೂ ಎಸೆತಕ್ಕೆ ಇಳಿಸಲು ಈ ಸೂತ್ರ ಹಾಕಿದೆ:

```
=INT(C4)*6+ROUND((C4-INT(C4))*10,0)
```

ROUND ಬಿಡಬೇಡಿ. 5.4ರಿಂದ 5 ಕಳೆದರೆ ಕಂಪ್ಯೂಟರ್‌ಗೆ ನಿಖರವಾಗಿ 0.4 ಸಿಗುವುದಿಲ್ಲ, ಹಿಂದೆ ಒಂದು ಸಣ್ಣ ಬಾಲ ಉಳಿಯುತ್ತದೆ.

ಈಗ ಹಳದಿ +0.272, ನೀಲಿ −0.142. ಅಂತರ ಕಡಿಮೆಯಾಯಿತು, ಸ್ಥಾನ ಬದಲಾಗಲಿಲ್ಲ. ಆಡಿದ ಎಸೆತ, ಹಾಕಿದ ಎಸೆತ ಕೂಡಿಸಿದೆ. ಎರಡೂ 535. ಇಲ್ಲಿಗೇ ನಿಲ್ಲಿಸೋಣ ಅನ್ನಿಸಿತ್ತು. ಆದರೆ ಆ 45 ರನ್ ತಲೆಯಿಂದ ಹೋಗಲಿಲ್ಲ.

ಮಂಗಳವಾರ

ಟೂರ್ನಿಯ ನಿಯಮದ ಹಾಳೆಯಲ್ಲಿ ನೆಟ್ ರನ್ ರೇಟ್‌ಗೆ ಐಸಿಸಿ ಪದ್ಧತಿ ಅಂತ ಬರೆದಿದೆ. ಆ ಪದ್ಧತಿಯಲ್ಲಿ ತಂಡ ಆಲ್ ಔಟ್ ಆದರೆ ಅದು ಪೂರ್ತಿ ಓವರ್ ಆಡಿತು ಎಂದೇ ಲೆಕ್ಕ. 35 ಎಸೆತಕ್ಕೆ ಎಲ್ಲರೂ ಔಟಾದರೂ ಭಾಗಿಸಬೇಕಾದ್ದು 48ರಿಂದ. ಇಲ್ಲದಿದ್ದರೆ ಬೇಗ ಔಟಾದ ತಂಡಕ್ಕೇ ರನ್ ರೇಟ್ ಜಾಸ್ತಿ ಬರುತ್ತದೆ, ಅಲ್ವಾ? ಹಳದಿಗೆ ಆಗಿದ್ದು ಅದೇ. ಬೌಲಿಂಗ್ ಮಾಡಿದ ತಂಡಕ್ಕೂ ಅದೇ 48 ಬರೆಯಬೇಕು. ನೀಲಿ ತಂಡ ಹಸಿರನ್ನು 6.5 ಓವರ್‌ನಲ್ಲಿ 46ಕ್ಕೆ ಕೆಡವಿತ್ತು. ಶೀಟ್ ಅವರಿಗೆ 41 ಎಸೆತ ಮಾತ್ರ ಕೊಟ್ಟು, ಚೆನ್ನಾಗಿ ಬೌಲಿಂಗ್ ಮಾಡಿದ್ದಕ್ಕೇ ಪೆಟ್ಟು ಕೊಟ್ಟಿತ್ತು.

ಗುರಿ ಮುಟ್ಟಿ ಬೇಗ ಮುಗಿಸಿದ ತಂಡಕ್ಕೆ ಮಾತ್ರ ಆಡಿದಷ್ಟೇ ಎಸೆತ. ಈ ಎರಡನ್ನು ಬೆರೆಸಬಾರದು. ಅದಕ್ಕೆ ಹೊಸ ಕಾಲಂ ಮಾಡಿ ಆಲ್ ಔಟ್ ಆದ ಇನಿಂಗ್ಸ್‌ಗೆ AO ಅಂತ ಕೈಯಾರೆ ಬರೆದೆ. ವಿಕೆಟ್ ಸಂಖ್ಯೆಯನ್ನು ನಂಬಲಿಲ್ಲ, ಆಟಗಾರರು ಕಡಿಮೆ ಇದ್ದಾಗ ಹತ್ತು ವಿಕೆಟ್ ಬೀಳದೆಯೂ ಆಲ್ ಔಟ್ ಆಗುತ್ತದೆ.

ಹಳದಿ: 144 ಎಸೆತಕ್ಕೆ 165 ಹೊಡೆದು, 140 ಎಸೆತಕ್ಕೆ 170 ಕೊಟ್ಟಿದೆ. ಓವರಿಗೆ 6.875, 7.286. ಹಾಗಾದರೆ −0.411.

ನೀಲಿ: 130 ಎಸೆತಕ್ಕೆ 157 ಹೊಡೆದು, 141 ಎಸೆತಕ್ಕೆ 165 ಕೊಟ್ಟಿದೆ. 7.246, 7.021. ಹಾಗಾದರೆ +0.225.

ಹಸಿರು −1.665ರಲ್ಲಿ ಕೊನೆಗೇ ಉಳಿಯಿತು. ಫೈನಲ್‌ಗೆ ನೀಲಿ ಹೋಗಬೇಕು.

ಎಸೆತದ ಮೊತ್ತ ಈಗ ಎರಡೂ ಕಡೆ 555. ನಿನ್ನೆ 535 ಬಂದಾಗಲೂ ತಾಳೆ ಆಗಿತ್ತಲ್ಲ! ತಪ್ಪು 35 ಎರಡೂ ತಂಡದ ಸಾಲಿನಲ್ಲಿ ಒಂದೇ ಥರ ಕೂತಿದ್ದರೆ ಮೊತ್ತದಲ್ಲಿ ಅದು ಕಾಣುವುದೇ ಇಲ್ಲ. 48ಕ್ಕಿಂತ ಕಡಿಮೆ ಇರುವ ಪ್ರತಿ ಇನಿಂಗ್ಸ್ ಎದುರು ನಿಂತು, ಗುರಿ ಮುಟ್ಟಿತೋ, ಆಲ್ ಔಟೋ ಅಂತ ಒಂದೊಂದಾಗಿ ನೋಡಬೇಕು. ಇಲ್ಲಿ ಅಂಥವು ಐದು. ಮೂರು ಗುರಿ ಮುಟ್ಟಿದವು, ಎರಡು ಆಲ್ ಔಟ್.

ಬುಧವಾರ

ಎರಡೂ ಶೀಟ್ ಅಕ್ಕಪಕ್ಕ ಇಟ್ಟು ಕಮಿಟಿಯವರಿಗೆ ತೋರಿಸಿದೆ. ಹಳದಿ ಕ್ಯಾಪ್ಟನ್ ಕೂಡ ಬಂದಿದ್ದ. ಬೇಸರ ಆಗದೆ ಇರುತ್ತದಾ? "ಎಂತ ಮಾರಾಯ, ಆಡದ 13 ಬಾಲ್ ನಮ್ಮ ಲೆಕ್ಕಕ್ಕೆ ಯಾಕೆ?" ಅಂದ. ನಿಯಮದ ಹಾಳೆ ಓದಿದ, ಸ್ಕೋರ್ ಬುಕ್‌ನಲ್ಲಿ ಆ ಇನಿಂಗ್ಸ್‌ನ ಎಸೆತಗಳನ್ನು ಬೆರಳಿಟ್ಟು ಎಣಿಸಿದ. ವೈಡ್ ಬಿಟ್ಟು 35. ಆಮೇಲೆ ಫೋನ್ ತೆಗೆದು ನೀಲಿ ಕ್ಯಾಪ್ಟನ್‌ಗೆ ಅವನೇ ಹೇಳಿದ, ಭಾನುವಾರ ಫೈನಲ್ ನಿಮ್ಮದು ಅಂತ.