‘ನಿಮಗೂ’ ಅಂದ್ರೆ ಎಷ್ಟು ಕಡುಬು?

ಸಾಗರದ ನಮ್ಮ ಪಕ್ಕದ ಮನೆ ಅಜ್ಜಿಯ ಮೊಮ್ಮಗ, ಅವನ ಹೆಂಡತಿ ಅಂದರೆ ಆ ಮನೆಯ ಸೊಸೆ ಇರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಪೈರು ತುಂಬಿದ ಭೂಮಿಗೆ ಬಯಕೆ ಊಟ ಬಡಿಸುವ ಭೂಮಿ ಹುಣ್ಣಿಮೆಗೆ ಒಂದು ವಾರ ಮೊದಲಿನ ಸೋಮವಾರ ಅವರು ಹಬ್ಬದ ಶುಭಾಶಯವೊಂದನ್ನು ಹಾಕಿದ್ದರು. ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆದ, ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಫೋಟೊ, ಅದರ ಕೆಳಗೆ ಊರಿನ ನೆನಪಿನ ಎಂಟು ಸಾಲು, ಕೊನೆಗೆ ‘ಈ ವಾರಾಂತ್ಯ ನಮ್ಮವರೆಲ್ಲ ನಮ್ಮನೆಗೆ ಬನ್ನಿ, ಒಟ್ಟಿಗೆ ಹಬ್ಬ ಮಾಡೋಣ’ ಅಂತ ಒಂದು ಸಾಲು. ಬುಧವಾರ ಸಂಜೆ ವಿಡಿಯೊ ಕರೆಯಲ್ಲಿ ಅಜ್ಜಿ ಕೇಳಿದರು:

‘ಬತ್ತೀವಿ ಅಂದೋರು ಎಷ್ಟು ಜನ?’

‘ಎಪ್ಪತ್ತು ಜನ ‘ನಿಮಗೂ’ ಅಂದಿದ್ದಾರೆ ಅಜ್ಜಿ.’

‘ಅಲ್ಲ ಮಾರಾಯ್ತಿ, ‘ನಿಮಗೂ’ ಅಂದ್ರೆ ಎಷ್ಟು ಕಡುಬು?’

ಸೊಸೆ ನಕ್ಕಳು. ಅಜ್ಜಿ ನಗಲಿಲ್ಲ, ಅವರಿಗೆ ಅದು ನಿಜವಾದ ಪ್ರಶ್ನೆಯೇ. ಶುಭಾಶಯಕ್ಕೆ ಉತ್ತರ ಶುಭಾಶಯ. ‘ನಿಮಗೂ’ ಅಂದವರಲ್ಲಿ ಯಾರೂ ತಪ್ಪು ಮಾಡಿಲ್ಲ, ಮೊದಲ ಎಂಟು ಸಾಲು ಕೇಳಿದ್ದಕ್ಕೆ ಉತ್ತರ ಕೊಟ್ಟು ಮುಂದೆ ಹೋದರು. ಒಂಬತ್ತನೆಯ ಸಾಲು ಕರೆಯುತ್ತಿದೆ ಅಂತ ಅವರಿಗೆ ಅನ್ನಿಸಲೇ ಇಲ್ಲ. ನಮ್ಮಲ್ಲಿ ಹಬ್ಬದ ಹೇಳಿಕೆಗೆ, ಅಂದರೆ ಕರೆಯಲು, ಹೋದವರು ಜಗುಲಿಯಲ್ಲಿ ಕೂತು ಮೊದಲು ಹೇಳುವುದೇ ಯಾವ ದಿನ, ಎಷ್ಟು ಹೊತ್ತಿಗೆ ಅಂತ. ಏಳುವ ಹೊತ್ತಿಗೆ ‘ಮನೆಮಂದಿಯೆಲ್ಲ ಬರಬೇಕು’ ಅನ್ನುತ್ತಾರೆ. ಬರೀ ಯಜಮಾನನನ್ನು ಕರೆದಿದ್ದಾರೋ, ಇಡೀ ಮನೆಯನ್ನೋ ಎಂಬುದು ಆ ಒಂದು ಮಾತಿನಲ್ಲಿ ತೀರ್ಮಾನವಾಗುತ್ತದೆ. ನೆನಪು, ಕಷ್ಟಸುಖ ಎಲ್ಲ ನಡುವೆ, ಕಾಫಿಯ ಜೊತೆ. ಸೊಸೆಯ ಬರಹದಲ್ಲಿ ಇದು ತಲೆಕೆಳಗಾಗಿತ್ತು.

ದಿನದ್ದೂ ಒಂದು ಗೊಂದಲವಿತ್ತು. ಬರಹದಲ್ಲಿ ಹಬ್ಬ ಅಕ್ಟೋಬರ್ 7, ಮಂಗಳವಾರ ಅಂತಿತ್ತು. ಇಲ್ಲಿಯ ಕ್ಯಾಲೆಂಡರ್ ನೋಡಿ ಬರೆದದ್ದು, ಇಲ್ಲಿಗೆ ಅದು ಸರಿ. ಅದು 2025, ಆ ವರ್ಷ ಆಶ್ವಯುಜ ಹುಣ್ಣಿಮೆಯ ತಿಥಿ ಇಲ್ಲಿ ಸೋಮವಾರ ಮಧ್ಯಾಹ್ನ ಹನ್ನೆರಡು ದಾಟಿದ ಮೇಲೆ ಶುರುವಾಗಿ ಮಂಗಳವಾರ ಬೆಳಿಗ್ಗೆ ಸುಮಾರು 9.17ಕ್ಕೆ ಮುಗಿಯುತ್ತಿತ್ತು. ಸೂರ್ಯ ಹುಟ್ಟುವಾಗ ಹುಣ್ಣಿಮೆ ಇದ್ದದ್ದು ಮಂಗಳವಾರವೇ. ಆದರೆ ಆ 9.17 ನ್ಯೂಜೆರ್ಸಿಯಲ್ಲಿ ಸೋಮವಾರ ರಾತ್ರಿ 11.47. ಅಕ್ಟೋಬರಿನಲ್ಲಿ ಅವರು ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಅಲ್ಲಿ ಮಂಗಳವಾರ ಬೆಳಗಾಗುವ ಹೊತ್ತಿಗೆ ಹುಣ್ಣಿಮೆ ಮುಗಿದು ಪಾಡ್ಯ ನಡೆಯುತ್ತಿತ್ತು. ಹುಣ್ಣಿಮೆ ಇದ್ದ ಅವರ ಸೂರ್ಯೋದಯ ಅಕ್ಟೋಬರ್ 6ರದು. ಚರಗ ಚೆಲ್ಲುವುದು, ಅಂದರೆ ಎಡೆಯ ಅಡುಗೆಯನ್ನು ಗದ್ದೆಗೆ ಎರಚುವುದು, ನಸುಕಿನಲ್ಲಾದ್ದರಿಂದ ಈ ಹಬ್ಬಕ್ಕೆ ಒಂದು ದಿನದ ವ್ಯತ್ಯಾಸ ಸಣ್ಣದಲ್ಲ. ಪ್ರತಿ ವರ್ಷ ಹೀಗಾಗುವುದಿಲ್ಲ. ತಿಥಿ ಇಲ್ಲಿ ಬೆಳಿಗ್ಗೆಯೇ ಮುಗಿಯುವ ವರ್ಷ ಅಮೆರಿಕದವರಿಗೆ ಹಿಂದಿನ ದಿನವೇ ಹಬ್ಬ ಬರಬಹುದು. ತಮ್ಮ ಊರಿನ ಹೆಸರು ಹಾಕಿ ಪಂಚಾಂಗ ನೋಡಿದರೆ ಒಂದು ನಿಮಿಷದಲ್ಲಿ ತಿಳಿಯುತ್ತದೆ. ಊರಿನ ಕ್ಯಾಲೆಂಡರಿನ ಫೋಟೊ ತರಿಸಿಕೊಂಡರೆ ತಿಳಿಯುವುದಿಲ್ಲ.

‘ಈ ವಾರಾಂತ್ಯ’ ಅನ್ನುವುದು ಇನ್ನೊಂದು ಎಡವಟ್ಟು. ಬರಹ ಒಬ್ಬರಿಂದ ಒಬ್ಬರಿಗೆ ಹೋಗುತ್ತಾ ನಾಲ್ಕು ದಿನ ಕಳೆದರೆ ಅದು ಯಾವ ವಾರಾಂತ್ಯವೋ ಯಾರಿಗೆ ಗೊತ್ತು. ವಾರ, ತಾರೀಕು, ಶುರುವಾಗುವ ಹೊತ್ತು, ಮುಗಿಯುವ ಹೊತ್ತು ನಾಲ್ಕೂ ಬೇಕು. ಮುಗಿಯುವ ಹೊತ್ತು ಬರೆಯಲು ನಮ್ಮವರಿಗೆ ಸಂಕೋಚ, ಬಂದವರನ್ನು ಎಬ್ಬಿಸಿದ ಹಾಗೆ ಅಂತ. ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಒಂದು ಗಂಟೆ ಕಾರು ಓಡಿಸಿ ಬರುವವರಿಗೆ ಮೊದಲು ಬೇಕಾಗುವುದು ಅದೇ.

ಅಜ್ಜಿಯ ಸಲಹೆಯಿಂದಲೇ ದಿನದ ಗಂಟು ಬಿಚ್ಚಿತು. ಭೂಮಿ ಹುಣ್ಣಿಮೆಗೆ ಅಡುಗೆಯಾಗುವುದು ಹಿಂದಿನ ರಾತ್ರಿ. ಹೆಂಗಸರು ನಿದ್ದೆಗೆಟ್ಟು ಬೆರಕೆ ಸೊಪ್ಪು, ಕಡುಬು, ಬುತ್ತಿ ಮಾಡಿಟ್ಟರೆ ಬೆಳಕು ಹರಿಯುವ ಮೊದಲೇ ಗಂಡಸರು ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಕೂಗುತ್ತಾ ಚರಗ ಚೆಲ್ಲುತ್ತಾರೆ. ಬತ್ತ ಹೊಡೆಯಾಗಿರುವ ಕಾಲ, ಬಸುರಿ ಭೂಮಿಗೆ ಬಯಕೆ ಊಟ. ‘ಹಂಗಾದ್ರೆ ಭಾನುವಾರ ಕರೀರಿ. ಎಲ್ರೂ ಕೂತು ಕಡುಬು ಮಾಡ್ಲಿ. ಸೋಮವಾರ ಬೆಳಿಗ್ಗೆ ಅವರವರ ಮನೇಲಿ ಅವರವರು ಚೆಲ್ಲಿಕೊಳ್ಳಲಿ’ ಅಂದರು ಅಜ್ಜಿ. ಸೋಮವಾರ ರಜೆ ಸಿಗದವರ ಊರಲ್ಲಿ ಇದಕ್ಕಿಂತ ಒಳ್ಳೆ ದಾರಿ ನನಗಂತೂ ಕಾಣಲಿಲ್ಲ. ವಾರಾಂತ್ಯಕ್ಕೆ ಹಬ್ಬವನ್ನೇ ಎಳೆದು ತರುವ ಬದಲು, ಹಬ್ಬದ ಯಾವ ಭಾಗ ವಾರಾಂತ್ಯದಲ್ಲಿ ತಾನಾಗಿ ಬೀಳುತ್ತದೆ ಅಂತ ನೋಡಿದರಾಯಿತು.

ಇನ್ನು ‘ನಮ್ಮವರೆಲ್ಲ’. ಈ ಮಾತಿಗೆ ನಾನು ಸ್ವಲ್ಪ ಖಾರವಾಗಿಯೇ ಆಕ್ಷೇಪಿಸಿದೆ. ಊರಲ್ಲಿ ‘ನಮ್ಮವರು’ ಅಂದರೆ ಕೇಳುವವರಿಗೆ ಜಾತಿ ಕೇಳಿಸುತ್ತದೆ, ಹೇಳಿದವರ ಮನಸ್ಸಿನಲ್ಲಿ ಇಲ್ಲದಿದ್ದರೂ. ಕಲಬುರಗಿ ಕಡೆಯವರು ಓದಿದರೆ, ‘ಇದು ಮಲೆನಾಡಿನವರ ಹಬ್ಬ, ನಮಗಲ್ಲ’ ಅಂತ ಸುಮ್ಮನಾಗುತ್ತಾರೆ. ಅದೇ ದಿನ ಉತ್ತರ ಕರ್ನಾಟಕದಲ್ಲಿ ಶೀಗಿ ಹುಣ್ಣಿಮೆ, ಅವರೂ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ‘ಭೂಮಿ ಹುಣ್ಣಿಮೆ, ಶೀಗಿ ಹುಣ್ಣಿಮೆ’ ಅಂತ ಎರಡೂ ಹೆಸರು ಹಾಕಿದರೆ ಅರ್ಧ ರಾಜ್ಯವನ್ನು ಕರೆದಂತೆ. ಎರಡೂ ಗೊತ್ತಿಲ್ಲದವರಿಗೆ ‘ಪೈರು ತುಂಬಿದ ಭೂಮಿಗೆ ಸೀಮಂತ’ ಅಂದರೆ ಸಾಕು.

ಸೊಸೆ ಮನೆಯ ವಿಳಾಸವನ್ನೂ, ಬಾಗಿಲಿನ ಫೋಟೊವನ್ನೂ ಹಾಕಿದ್ದಳು. ಅದನ್ನು ತೆಗೆಸಿದೆವು. ಊರಿನ ಹೆಸರು ಬರೆದು, ವಿಳಾಸವನ್ನು ಬರುತ್ತೇವೆ ಅಂದವರಿಗೆ ಮಾತ್ರ ಕಳಿಸುವುದು ಕ್ಷೇಮ. ಇದರಿಂದ ಇನ್ನೊಂದು ಲಾಭ: ವಿಳಾಸ ಬೇಕಾದವರು ಬಾಯಿ ಬಿಡಲೇಬೇಕು, ಲೆಕ್ಕ ತಾನಾಗಿ ಸಿಗುತ್ತದೆ.

ಬುಧವಾರ ರಾತ್ರಿ ಹೊಸದಾಗಿ ಹಾಕಿದ್ದು ಇಷ್ಟು:

‘ಅಕ್ಟೋಬರ್ 5, ಭಾನುವಾರ, ಮಧ್ಯಾಹ್ನ 2ರಿಂದ 6ರವರೆಗೆ ನಮ್ಮ ಮನೆಯಲ್ಲಿ ಭೂಮಿ ಹುಣ್ಣಿಮೆಯ (ಶೀಗಿ ಹುಣ್ಣಿಮೆ) ಕಡುಬು ಕಟ್ಟೋಣ, ಮನೆಮಂದಿಯೆಲ್ಲ ಬನ್ನಿ. ಕನ್ನಡ ಬಲ್ಲವರು, ಕಲಿಯುತ್ತಿರುವವರು ಎಲ್ಲರಿಗೂ ಹೇಳಿಕೆ. ದೊಡ್ಡವರೆಷ್ಟು, ಮಕ್ಕಳೆಷ್ಟು ಎಂಬ ಎರಡು ಅಂಕಿಯನ್ನು ಶುಕ್ರವಾರ ಮಧ್ಯಾಹ್ನದೊಳಗೆ ನಮಗೆ ನೇರವಾಗಿ ಕಳಿಸಿ, ವಿಳಾಸ ಕೊಡುತ್ತೇವೆ. ಊಟ ಸಸ್ಯಾಹಾರ. ತೆಂಗಿನಕಾಯಿ ಇರುತ್ತದೆ, ಗೋಡಂಬಿ ಶೇಂಗಾ ಇರುವುದಿಲ್ಲ. ಸೋಮವಾರ ನಸುಕಿಗೆ ಮನೆಗೆ ಒಯ್ಯಲು ಒಂದು ಡಬ್ಬಿ ತನ್ನಿ. ಎಲ್ಲರಿಗೂ ಹುಣ್ಣಿಮೆಯ ಶುಭಾಶಯ.’

ಶುಭಾಶಯ ಕೊನೆಗೆ ಹೋಯಿತು. ಇದೇ ವಿಷಯ ಕೆಳಗೆ ಇಂಗ್ಲಿಷಿನಲ್ಲೂ ಇತ್ತು, ಕನ್ನಡ ಓದಲು ಬಾರದ ಹೆಂಡತಿಯರು, ಗಂಡಂದಿರು, ಮಕ್ಕಳು ಇರುತ್ತಾರಲ್ಲ. ಹಳೆಯ ನೆನಪಿನ ಎಂಟು ಸಾಲು ಚೆನ್ನಾಗಿದ್ದವು, ನಿಜ. ಅವನ್ನು ಸೋಮವಾರ ಬೆಳಿಗ್ಗೆ ಬುಟ್ಟಿಯ ಫೋಟೊ ಜೊತೆ ಬೇರೆಯಾಗಿ ಹಾಕು ಅಂದೆವು. ಆಗ ಎಪ್ಪತ್ತು ‘ನಿಮಗೂ’ ಬಂದರೂ ಯಾರ ಒಲೆಗೂ ತೊಂದರೆಯಿಲ್ಲ.

ಶುಕ್ರವಾರ ಸಂಜೆ ಅಂಕಿ ಬಂತು: ಒಂಬತ್ತು ಮನೆ, ದೊಡ್ಡವರು 19, ಮಕ್ಕಳು 8. ಅಜ್ಜಿ ಕೂತಲ್ಲೇ ಲೆಕ್ಕ ಹಾಕಿದರು. ದೊಡ್ಡವರಿಗೆ ಎರಡರಂತೆ 38, ಮಕ್ಕಳಿಗೆ ಒಂದೊಂದು 8, ಒಯ್ಯಲು ಮನೆಗೆ ಎರಡರಂತೆ 18, ಒಟ್ಟು 64. ಸೌತೆಕಾಯಿ ಕಡುಬಿಗೆ ಒಂದು ಕೆಜಿ ಅಕ್ಕಿ ತರಿಗೆ ಒಂದೂವರೆ ಕೆಜಿ ತುರಿದ ಸೌತೆಕಾಯಿ, ಮುಕ್ಕಾಲು ಕೆಜಿಗಿಂತ ಸ್ವಲ್ಪ ಕಡಿಮೆ ಬೆಲ್ಲ, ಒಂದು ತೆಂಗಿನಕಾಯಿಯ ತುರಿ. ಅದರಲ್ಲಿ ಸಾಧಾರಣ ಗಾತ್ರದವು ನಲವತ್ತಕ್ಕೆ ಮೇಲೆ ಆಗುತ್ತವೆ. ಹಾಗಾಗಿ ತರಿ ಒಂದೂವರೆ ಕೆಜಿಗಿಂತ ಸ್ವಲ್ಪ ಹೆಚ್ಚಿದ್ದರೆ ಸಾಕು. ಇಡ್ಲಿ ಪಾತ್ರೆಗೆ ಒಂದು ಸಲಕ್ಕೆ ಹನ್ನೆರಡು ಹಿಡಿದರೆ ಆರು ಸುತ್ತು, ಸುತ್ತಿಗೆ ಅರ್ಧ ಗಂಟೆ. ಒಂದೇ ಪಾತ್ರೆಯಾದರೆ ಮೂರು ಗಂಟೆ ಅದಕ್ಕೇ ಹೋಗುತ್ತದೆ, ಮಾತಾಡುವುದು ಯಾವಾಗ? ಇನ್ನೊಂದು ಪಾತ್ರೆ ಯಾರಾದರೂ ತರಲಿ ಅಂತ ಅಲ್ಲೇ ತೀರ್ಮಾನವಾಯಿತು.

ಅಜ್ಜಿಗೆ ಚಿಂತೆ ಇದ್ದದ್ದು ಸೌತೆಕಾಯಿಯದ್ದು. ಅಲ್ಲಿ ಸಲಾಡಿಗೆ ಹಾಕುವ ಹಸಿರು ಸೌತೆ ಬರೀ ನೀರು. ತುರಿದು ಬೆಲ್ಲ ಹಾಕಿದ ಕೂಡಲೇ ಇನ್ನಷ್ಟು ನೀರು ಬಿಡುತ್ತದೆ, ತರಿ ತಳಕ್ಕೆ ಇಳಿಯುತ್ತದೆ. ಬೆಂದ ಮೇಲೆ ಎಲೆ ಬಿಚ್ಚಿದರೆ ಕೆಳಗೆ ಗಟ್ಟಿ, ಮೇಲೆ ಅಂಟು. ಇಂಡಿಯನ್ ಅಂಗಡಿಯಲ್ಲಿ ದೋಸಕಾಯಿ ಅಂತ ಸಿಗುವ ಹಳದಿ ಕಾಯಿ ನಮ್ಮ ಸಾಂಬಾರು ಸೌತೆಯಂಥದ್ದು, ಅದೇ ಆಗಲಿ. ಒಂದು ಚೂರು ತಿಂದು ನೋಡಿಯೇ ತುರಿಯಬೇಕು, ಒಂದು ಕಹಿಯಿದ್ದರೆ ಇಡೀ ಹಿಟ್ಟು ಹಾಳು. ಹಸಿರು ಸೌತೆಯೇ ಗತಿಯಾದರೆ ತುರಿಯನ್ನು ಹಿಂಡಿ ನೀರು ಬೇರೆ ಇಟ್ಟುಕೊಂಡು, ಬೇಕಾದಷ್ಟೇ ಮತ್ತೆ ಸೇರಿಸಬೇಕು. ಸೌಟಿನಿಂದ ಬಿಟ್ಟರೆ ಹಿಟ್ಟು ಮುದ್ದೆಯಾಗಿ ಬೀಳಬೇಕು, ಹರಿಯಬಾರದು. ಬಾಳೆ ಎಲೆ ಅಲ್ಲಿ ಸಿಗುವುದು ಹೆಪ್ಪುಗಟ್ಟಿಸಿದ್ದು. ಹಿಂದಿನ ರಾತ್ರಿಯೇ ಫ್ರೀಜರಿನಿಂದ ಹೊರಗಿಟ್ಟು, ಒರೆಸಿ, ಬಿಸಿ ಕಾವಲಿಯ ಮೇಲೆ ಒಂದು ಸಲ ಆಡಿಸಿದರೆ ಮಡಚುವಾಗ ಸೀಳುವುದಿಲ್ಲ.

ಎಲ್ಲ ಆದ ಮೇಲೆ ಅಜ್ಜಿ ಕೇಳಿದರು, ‘64ರಲ್ಲಿ ಭೂಮಿಗೆ ಹೂಳೋ ಎಡೆ, ಕಾಗೆ ಎಡೆ ಸೇರಿಸಿದ್ಯಾ?’

ಅದು ಯಾರ ತಲೆಗೂ ಬಂದಿರಲಿಲ್ಲ. ಪಾರ್ಕಿನ ಹುಲ್ಲಿನ ಮೇಲೆ ಚೆಲ್ಲುವ ಹಾಗಿಲ್ಲ, ಎಷ್ಟೋ ಕಡೆ ಪಕ್ಷಿ ಪ್ರಾಣಿಗಳಿಗೆ ತಿನ್ನಲು ಹಾಕುವುದೇ ನಿಷೇಧ. ಸೊಸೆಯ ಹಿತ್ತಲಲ್ಲಿ ಟೊಮೆಟೊ ಕೊಯ್ದು ಖಾಲಿಯಾದ ಒಂದು ಮಡಿ ಇದೆ. ಅಲ್ಲಿ ಒಂದು ಗೇಣು ಆಳಕ್ಕೆ ಹೂತರೆ ಅಳಿಲು ಕೆದಕುವುದು ಕಷ್ಟ. ಮಡಿಯಿಲ್ಲದ ಮನೆಯವರು ಬಾಲ್ಕನಿಯ ಹೂಕುಂಡದಲ್ಲಿ ಒಂದು ಚೂರು ಇಡಲಿ ಅಂತಾಯಿತು. 66 ಅಂತ ತಿದ್ದಿಕೊಂಡಳು.

‘ಕಾಗೆ ಬರ್ದಿದ್ರೆ?’ ಅಂದಳು ಸೊಸೆ.

‘ಕಾಗೆಗೂ ತಾರೀಕು ಹೇಳಿದ್ಯೇನು?’ ಅಂದರು ಅಜ್ಜಿ.